ಖಾಲಿ ಮನೆ ಅಂದ್ರೆ ತಪ್ಪಿದ ಡೋಸ್ ಅಲ್ಲ: ಇನ್ಸುಲಿನ್ ಬರೆದಿಟ್ಟ ಕ್ಯಾಲೆಂಡರಿನಿಂದ ಒಂದು ಚಾರ್ಟ್

(ಸ್ಟಾಫ್ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು ಮತ್ತು ಮನೆಯಲ್ಲಿ ಅಪ್ಪ ಅಮ್ಮನಿಗೆ ಇನ್ಸುಲಿನ್ ಹಾಕುವವರ ಮುಂದೆ ಮಾತಾಡಿದ್ದು. ಮಾತಾಡುವಾಗ ಗೋಡೆಗೆ ಅಂಟಿಸಿದ್ದ ದೊಡ್ಡ ಹಾಳೆ ಇಲ್ಲಿಲ್ಲ, ಅದಕ್ಕೇ ಕೆಲವು ಕಡೆ ವಿವರಣೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ತಂದಿರುವುದು ಇದೊಂದೇ, ಅಡುಗೆಮನೆಯ ಕ್ಯಾಲೆಂಡರಿನ ಒಂದು ಹಾಳೆ. ಜೂನ್ ತಿಂಗಳದ್ದು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಸಂಕಷ್ಟಿ, ಎಲ್ಲಾ ಇದೆ. ಅದರ ನಡುವೆ ಸಣ್ಣ ಅಕ್ಷರದಲ್ಲಿ "7.15 - 22 - ಎಡ" ಅಂತಲೂ ಇದೆ. ಇನ್ನೊಂದು ತಾರೀಖಿನ ಮನೆಯಲ್ಲಿ ಬರೀ ಒಂದು ಟಿಕ್. ಮತ್ತೊಂದರಲ್ಲಿ "8" ಅಷ್ಟೇ. ಬೆಳಿಗ್ಗೆ ಎಂಟೋ, ರಾತ್ರಿ ಎಂಟೋ, ಅಥವಾ ಎಂಟು ಲೀಟರ್ ಹಾಲೋ, ದೇವರಿಗೇ ಗೊತ್ತು.

ಇದು ನಮ್ಮ ಕಡೆಯ ಒಬ್ಬ ಅಮ್ಮನದ್ದು. ವಯಸ್ಸು ಅರವತ್ತರ ಹತ್ತಿರ. 30/70 ಇನ್ಸುಲಿನ್, ಬೆಳಿಗ್ಗೆ ತಿಂಡಿಗೆ ಮುಂಚೆ 22 ಯೂನಿಟ್, ರಾತ್ರಿ ಊಟಕ್ಕೆ ಮುಂಚೆ 14. ಅವರ ಬಾಯಲ್ಲಿ ಅದು ಯೂನಿಟ್ ಅಲ್ಲ, "ಪಾಯಿಂಟ್". ಬಾಟ್ಲಿ 40ರದ್ದು, ಸಿರಿಂಜ್ ಕೆಂಪು ಕ್ಯಾಪಿನದು. ಮೂರು ತಿಂಗಳ ಸರಾಸರಿ ಜಾಸ್ತಿ ಬಂದಿದೆ, ಆದರೆ ನಡುವೆ ಒಂದೆರಡು ಸಲ ಶುಗರ್ ಇಳಿದು ಬೆವರಿದ್ದಾರೆ. ಡಾಕ್ಟರ್ ಕೇಳಿದರು, "ಇಂಜೆಕ್ಷನ್ ಸರಿಯಾಗಿ ತಗೋತಾ ಇದ್ದಾರಾ?" ಸೊಸೆ ಈ ಹಾಳೆ ಹರಿದುಕೊಂಡು ಬಂದರು. ಡಾಕ್ಟರ್ ಅದನ್ನು ಒಂದು ನಿಮಿಷ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು. ಜೂನ್ 3ರಿಂದ 16, ಹದಿನಾಲ್ಕು ದಿನ. ಅದನ್ನು ಚಾರ್ಟ್ ಮಾಡಿದ್ದು ಹೇಗೆ ಅನ್ನೋದೇ ಇವತ್ತಿನ ಮಾತು.

ಮೊದಲು ನಾನೇ ಮಾಡುತ್ತಿದ್ದ ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬರೆದದ್ದನ್ನೆಲ್ಲ ಒಂದರ ಕೆಳಗೆ ಒಂದು ನೀಟಾಗಿ ನಕಲು ಮಾಡುತ್ತಿದ್ದೆ. ತಾರೀಖು, ಟೈಮು, ಯೂನಿಟ್, ಜಾಗ. ನೋಡಲು ಚೆಂದ. ಆದರೆ ಹಾಗೆ ಮಾಡಿದರೆ ಬರೆಯದೇ ಬಿಟ್ಟದ್ದು ಮಾಯವಾಗಿಬಿಡುತ್ತದೆ. ಇದ್ದ ಸಾಲುಗಳಷ್ಟೇ ಸಾಲಾಗಿ ನಿಲ್ಲುತ್ತವೆ, ನಡುವೆ ಎರಡು ಡೋಸ್ ಇಲ್ಲ ಅನ್ನೋದು ಕಣ್ಣಿಗೇ ಬೀಳುವುದಿಲ್ಲ.

ಅದಕ್ಕೇ ಈಗ ಕ್ಯಾಲೆಂಡರ್ ತೆಗೆಯುವ ಮುಂಚೆಯೇ ಖಾಲಿ ಸಾಲುಗಳನ್ನು ಹಾಕಿಕೊಳ್ಳುತ್ತೇನೆ. ದಿನಕ್ಕೆ ಎರಡು ಡೋಸ್, ಹದಿನಾಲ್ಕು ದಿನ, ಒಟ್ಟು 28 ಸಾಲು. ಡಾಕ್ಟರ್ ಚೀಟಿ ನೋಡಿ ಹಾಕುವ ಸಾಲುಗಳು ಇವು, ಕ್ಯಾಲೆಂಡರ್ ನೋಡಿ ಅಲ್ಲ. ಹಾಕಬೇಕಿದ್ದದ್ದು ಮೊದಲು, ಹಾಕಿದ್ದು ಆಮೇಲೆ. ಆಮೇಲೆ ಕ್ಯಾಲೆಂಡರಿನಲ್ಲಿ ಸಿಕ್ಕಿದ್ದನ್ನು ಅದರದರ ಸಾಲಿಗೆ ತುಂಬಿದೆ. 23 ತುಂಬಿತು. ಐದು ಖಾಲಿ ಉಳಿಯಿತು.

ಈ ಐದನ್ನು "ಮಿಸ್ಡ್ ಡೋಸ್ 5" ಅಂತ ಬರೆದು ಡಾಕ್ಟರಿಗೆ ಕೊಟ್ಟುಬಿಡಬಹುದಿತ್ತು. ಎಷ್ಟೋ ಕಡೆ ಹಾಗೇ ನಡೆಯುತ್ತದೆ. ಆದರೆ ಖಾಲಿ ಮನೆ ಹೇಳುವುದು ಒಂದೇ ಮಾತು, ಇಲ್ಲಿ ಯಾರೂ ಬರೆದಿಲ್ಲ ಅಂತ. ಹಾಕಿಲ್ಲ ಅಂತ ಅದು ಹೇಳುವುದಿಲ್ಲ.

ಸೊಸೆಯನ್ನು ಕೂರಿಸಿಕೊಂಡು, ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ತಾರೀಖು ಕೇಳಿದೆ. ಕೇಳುವ ರೀತಿಯೂ ಮುಖ್ಯ ಕಣ್ರೀ. "ಅವತ್ತು ಯಾಕೆ ಹಾಕ್ಲಿಲ್ಲ?" ಅಂದರೆ ಸಾಕು, ಆ ಅಮ್ಮ "ಇಲ್ಲ ಇಲ್ಲ, ಹಾಕಿದೀನಿ" ಅಂದೇ ಅನ್ನುತ್ತಾರೆ. ಬೈಸಿಕೊಳ್ಳಲು ಯಾರಿಗೆ ಇಷ್ಟ? ಅದಕ್ಕೆ ನಾನು ದಿನದ ವಿಷಯ ಕೇಳುತ್ತೇನೆ. ಹತ್ತನೇ ತಾರೀಖು ಎಲ್ಲಿದ್ರಿ ಅಮ್ಮ, ಏನು ವಿಶೇಷ? "ಅವತ್ತಾ? ನಮ್ಮ ತಂಗಿ ಮಗಳ ಮದುವೆ. ಮಧ್ಯಾಹ್ನದ ಬಸ್ಸಿಗೆ ಹೋದ್ವಿ." ರಾತ್ರಿ ಅಲ್ಲೇ ಇದ್ರಾ? "ಹೂಂ, ಮಾರನೇ ದಿನ ಸಂಜೆ ಬಂದ್ವಿ." ಬಾಟ್ಲಿ ತಗೊಂಡು ಹೋಗಿದ್ರಾ? ಸ್ವಲ್ಪ ಹೊತ್ತು ಮೌನ. "ಮದುವೆ ಮನೇಲಿ ಫ್ರಿಜ್ಜು ಯಾರನ್ನ ಕೇಳೋದು ಸಿಸ್ಟರ್, ಬಿಟ್ಟೇ ಹೋಗಿದ್ದೆ." ಹತ್ತರ ರಾತ್ರಿ, ಹನ್ನೊಂದರ ಬೆಳಿಗ್ಗೆ. ಎರಡು ಡೋಸ್ ನಿಜವಾಗಿ ತಪ್ಪಿದ್ದು. ಕಾರಣವೂ ಸಿಕ್ಕಿತು. ಬಳಸುತ್ತಿರುವ ಬಾಟ್ಲಿ ಎರಡು ದಿನ ಫ್ರಿಜ್ಜಿನ ಹೊರಗೆ ನೆರಳಿನಲ್ಲಿ ಇದ್ದರೆ ಏನೂ ಆಗುವುದಿಲ್ಲ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಬಿಸಿಲಿಗೆ ಇಡಬಾರದು, ಕಾದ ಕಾರಿನಲ್ಲಿ ಬಿಡಬಾರದು, ಅಷ್ಟೇ.

ಐದನೇ ತಾರೀಖು ರಾತ್ರಿ? ಸೊಸೆ ತವರಿಗೆ ಹೋಗಿದ್ದರು. ಮಗನಿಗೆ ಫೋನ್ ಹಚ್ಚಿದೆವು. "ಅವತ್ತು ನಾನೇ ಹಾಕಿದ್ದು. ಅಮ್ಮ ಟಿವಿ ಮುಂದೆ ಕೂತಿದ್ರು, ಬಲಗಡೆ ತೊಡೆಗೆ ಹಾಕ್ದೆ. ಬರೀಬೇಕು ಅಂತ ಗೊತ್ತಿರ್ಲಿಲ್ಲ." ಮಾರನೇ ದಿನ ಸೊಸೆ ಫೋನಿನಲ್ಲಿ ಬೈದ ಮೇಲೆ ಆರರ ರಾತ್ರಿಯದ್ದನ್ನು ಬರೆದಿದ್ದಾನೆ, ಅಕ್ಷರ ಬೇರೆ ಇದೆ ನೋಡಿ. ಅಲ್ಲಿಗೆ ಐದರ ರಾತ್ರಿ ತಪ್ಪಿದ್ದಲ್ಲ, ಬರೆಯದೇ ಇದ್ದದ್ದು. ಆದರೆ ಇದನ್ನು ಅವತ್ತೇ ಬರೆದದ್ದರ ಜೊತೆ ಬೆರೆಸಬೇಡಿ. ಎರಡು ವಾರದ ಮೇಲೆ ನೆನಪಿನಿಂದ ಹೇಳಿದ ಮಾತು ಅದು. "ಮಗ ಹೇಳಿದ್ದು" ಅಂತ ಪಕ್ಕದಲ್ಲಿ ಬರೆಯಲು ಒಂದು ಕಾಲಂ ಇಡಿ. ಟೈಮ್ ಅವನಿಗೆ ನೆನಪಿಲ್ಲ, ಆ ಮನೆ ಖಾಲಿಯೇ ಇರಲಿ. "ದಿನಾ ಎಂಟಕ್ಕೆ ತಾನೆ, ಎಂಟು ಅಂತ ಬರೆದುಬಿಡೋಣ" ಅಂತ ಕೈ ಹೋಗುತ್ತದೆ. ತಡೆದುಕೊಳ್ಳಿ.

ಏಳನೇ ತಾರೀಖು ಬೆಳಿಗ್ಗೆಯದು ಇನ್ನೊಂದು ಥರ. ಬೆಳಗಿನ ಜಾವ ಐದೂವರೆಗೆ ಎಚ್ಚರ ಆಗಿದೆ, ಮೈಯೆಲ್ಲ ಬೆವರು, ಕೈ ನಡುಕ. ಮೀಟರಿನಲ್ಲಿ ನೋಡಿದರೆ 64. ಮೂರು ಚಮಚ ಸಕ್ಕರೆ ನೀರಿಗೆ ಹಾಕಿಕೊಂಡು ಕುಡಿದಿದ್ದಾರೆ, ಒಳ್ಳೇದೇ ಮಾಡಿದ್ದಾರೆ. ಆಮೇಲೆ ಹೆದರಿ, ಬೆಳಗಿನ 22 ಹಾಕಿಕೊಂಡಿಲ್ಲ. ಇದನ್ನು ಮರೆತದ್ದರ ಲೆಕ್ಕಕ್ಕೆ ಸೇರಿಸಿದರೆ ಡಾಕ್ಟರಿಗೆ ಸುಳ್ಳು ಚಿತ್ರ ಹೋಗುತ್ತದೆ. ಮದುವೆಗೆ ಹೋಗಿ ಬಿಟ್ಟದ್ದಕ್ಕೆ ಪರಿಹಾರ ಬಾಟ್ಲಿ ಒಯ್ಯಲು ಒಂದು ಚಿಕ್ಕ ಡಬ್ಬಿ. ಶುಗರ್ ಇಳಿದು ಬಿಟ್ಟದ್ದಕ್ಕೆ ಪರಿಹಾರ ಡೋಸ್‌ನಲ್ಲೋ ಜಾಗದಲ್ಲೋ ಇರುತ್ತದೆ. ಅದಕ್ಕೆ ನಮ್ಮ ಚಾರ್ಟಿನಲ್ಲಿ "ತಪ್ಪಿದ್ದು" ಬೇರೆ, "ತಡೆದದ್ದು" ಬೇರೆ. ತಡೆದದ್ದರ ಪಕ್ಕದಲ್ಲಿ ಯಾರು ತಡೆದರು, ಶುಗರ್ ಎಷ್ಟಿತ್ತು ಅನ್ನೋದು ಬರಬೇಕು. (ಇಳಿದ ಶುಗರ್ ಸರಿ ಮಾಡಿಕೊಂಡ ಮೇಲೆ ಆ ಹೊತ್ತಿನ ಇನ್ಸುಲಿನ್ ಎಷ್ಟು ಅಂತ ಫೋನ್ ಮಾಡಿ ಕೇಳಬೇಕಿತ್ತು, ಪೂರ್ತಿ ಬಿಡಬಾರದಿತ್ತು. ಅದನ್ನು ಅವರಿಗೆ ಆಮೇಲೆ ಹೇಳಿದೆ. ಚಾರ್ಟ್ ತುಂಬುವ ಹೊತ್ತಿನಲ್ಲಿ ಪಾಠ ಶುರು ಮಾಡಿದರೆ ಮುಂದಿನ ಪ್ರಶ್ನೆಗೆ ನಿಜ ಹೊರಗೆ ಬರುವುದಿಲ್ಲ.)

ಉಳಿದದ್ದು ಹದಿನಾಲ್ಕರ ರಾತ್ರಿ. ಅತ್ತೆ "ಹಾಕಿರ್ತೀನಿ" ಅಂದರು. ಸೊಸೆ "ಇಲ್ಲ ಅನ್ಸುತ್ತೆ" ಅಂದರು. ಮಗನಿಗೆ ಗೊತ್ತೇ ಇಲ್ಲ.

ಇಲ್ಲಿ ಬಾಟ್ಲಿ ಲೆಕ್ಕ ಹಾಕಿ ನೋಡೋಣ ಅನ್ನಿಸಿತು. ಪುಣ್ಯಕ್ಕೆ ಬಾಟ್ಲಿ ತೆರೆದ ದಿನ ಲೇಬಲ್ ಮೇಲೆ ಪೆನ್ನಿನಲ್ಲಿ ಬರೆಯುವ ಅಭ್ಯಾಸ ಅವರಿಗಿದೆ. ಹೊಸ ಬಾಟ್ಲಿ ಜೂನ್ 3ರ ಬೆಳಿಗ್ಗೆ. 40ರ ಬಾಟ್ಲಿ, 10 ಎಂ.ಎಲ್., ಅಂದರೆ 400 ಯೂನಿಟ್. ದಿನಕ್ಕೆ 36ರಂತೆ ಕೂಡುತ್ತಾ ಹೋಗಿ. ಏಳರ ಬೆಳಿಗ್ಗೆಯ 22 ಇಲ್ಲ, ಹತ್ತರ ರಾತ್ರಿಯ 14 ಇಲ್ಲ, ಹನ್ನೊಂದರ ಬೆಳಿಗ್ಗೆಯ 22 ಇಲ್ಲ. ಹಾಗೆ ಬಂದರೆ ಹದಿಮೂರರ ರಾತ್ರಿಗೆ 338 ಆಗುತ್ತದೆ. ಹದಿನಾಲ್ಕರ ರಾತ್ರಿ ಹಾಕಿದ್ದರೆ ಆ ದಿನದ ಕೊನೆಗೆ 374, ಹದಿನೈದರ ರಾತ್ರಿ ಹಾಕುವಾಗ ಬಾಟ್ಲಿ ಮುಗಿಯಬೇಕು. ಹಾಕದಿದ್ದರೆ ಹದಿನಾರರ ಬೆಳಿಗ್ಗೆ ಮುಗಿಯಬೇಕು. ವ್ಯತ್ಯಾಸ ಒಂದು ರಾತ್ರಿಯದ್ದು ಅಷ್ಟೇ. ಎರಡನೇ ಬಾಟ್ಲಿ ಮೇಲೆ "16" ಅಂತ ಬರೆದಿತ್ತು!

ಹಾಗಾದರೆ ಹಾಕಿಲ್ಲ ಅಂತ ತೀರ್ಮಾನವಾ? ನನಗೂ ಒಂದು ಕ್ಷಣ ಪತ್ತೇದಾರಿ ಕೆಲಸ ಮಾಡಿದ ಖುಷಿ ಆಯಿತು. ಆದರೆ 14 ಯೂನಿಟ್ ಅಂದರೆ ಎಷ್ಟು? 40ರ ಬಾಟ್ಲಿಯಲ್ಲಿ 0.35 ಎಂ.ಎಲ್. ಗಾಳಿ ಗುಳ್ಳೆ ಹೊರಹಾಕುವಾಗ ಒಂದೊಂದು ತೊಟ್ಟು ಹೋಗುತ್ತದೆ, ಬಾಟ್ಲಿಯ ತಳದಲ್ಲಿ ಸೂಜಿಗೆ ಸಿಗದೆ ಸ್ವಲ್ಪ ಉಳಿಯುತ್ತದೆ, ತಯಾರಿಸುವವರು ಸ್ವಲ್ಪ ಜಾಸ್ತಿಯೇ ತುಂಬಿರುತ್ತಾರೆ. ಈ ಅಡ್ಡಾದಿಡ್ಡಿ ಎಲ್ಲಾ ಸೇರಿದರೆ ಒಂದು ರಾತ್ರಿಯ ಡೋಸ್ ಅದರಲ್ಲಿ ಮುಳುಗಿಹೋಗುತ್ತದೆ. ಹನ್ನೊಂದು ದಿನಕ್ಕೆ ಮುಗಿಯಬೇಕಾದ ಬಾಟ್ಲಿ ಇಪ್ಪತ್ತು ದಿನ ಬಂದರೆ ಏನೋ ಆಗಿದೆ ಅಂತ ಬಾಟ್ಲಿ ಹೇಳುತ್ತದೆ. ಒಂದು ಡೋಸ್ ಹೋಗಿದೆಯಾ ಇಲ್ಲವಾ ಅಂತ ಅದು ಹೇಳಲಾರದು. ಹಾಗಾಗಿ ಹದಿನಾಲ್ಕರ ರಾತ್ರಿಯ ಮನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಕೊನೆವರೆಗೂ ಅದು ಹಾಗೇ ಇತ್ತು.

ಅಲ್ಲಿಗೆ 28ರ ಲೆಕ್ಕ ಹೀಗೆ ನಿಂತಿತು: ಹಾಕಿದ್ದು 24, ತಪ್ಪಿದ್ದು 2, ತಡೆದದ್ದು 1, ಗೊತ್ತಿಲ್ಲದ್ದು 1. ಐದು ಮಿಸ್ ಅನ್ನೋದಕ್ಕೂ ಇದಕ್ಕೂ ಎಷ್ಟು ದೂರ ನೋಡಿ.

ಟೈಮಿನ ವಿಷಯಕ್ಕೆ ಬರೋಣ. 30/70ಯನ್ನು ಊಟಕ್ಕೆ ಸುಮಾರು ಅರ್ಧ ಗಂಟೆ ಮುಂಚೆ ಹಾಕಬೇಕು, ಅದಕ್ಕೆ ಟೈಮ್ ಬರೆಸುವುದು. ಚಾರ್ಟಿನಲ್ಲಿ "ರಾತ್ರಿ" ಅಂತ ಬರೆದರೆ ಏನೂ ತಿಳಿಯುವುದಿಲ್ಲ, ಗಡಿಯಾರದ ಟೈಮೇ ಬೇಕು. ಇವರ ರಾತ್ರಿಯ ಡೋಸ್ ಹೆಚ್ಚಿನ ದಿನ ಎಂಟರ ಆಸುಪಾಸು, ಎಂಟನೇ ತಾರೀಖು ಮಾತ್ರ 9.50. ನೆಂಟರು ಬಂದಿದ್ದರಂತೆ. ಮಾಮೂಲಿ ಹೊತ್ತಿಗಿಂತ ಒಂದು ಗಂಟೆಗಿಂತ ಹೆಚ್ಚು ಆಚೀಚೆ ಆದದ್ದಕ್ಕೆ ನಾವು ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತೇವೆ. ಒಂದು ಗಂಟೆ ಅನ್ನೋದು ನಮ್ಮ ಅನುಕೂಲಕ್ಕೆ ಇಟ್ಟುಕೊಂಡ ಗಡಿ, ನಿಮ್ಮ ಡಾಕ್ಟರ್ ಬೇರೆ ಹೇಳಿದರೆ ಅದೇ ಸರಿ. ತಡವಾಗಿ ಹಾಕಿದ್ದು ತಪ್ಪಿದ್ದಲ್ಲ, ಎರಡನ್ನೂ ಒಂದೇ ಗುರುತಿನಲ್ಲಿ ಹಾಕಬೇಡಿ.

ಇನ್ನೊಂದು ಗಮನಿಸಿ. ಒಂದೇ ಪೆನ್ನು, ಒಂದೇ ಒತ್ತು, ನಾಲ್ಕೈದು ದಿನ ಸಾಲಾಗಿ "8.00", "8.00", "8.00". ಮನುಷ್ಯರು ಹಾಗೆ ಬದುಕುವುದಿಲ್ಲ. ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ಕೂತು ತುಂಬಿದ್ದು ಅದು. ನಿಜವಾಗಿ ಬರೆದ ಹಾಳೆಯಲ್ಲಿ 7.50 ಇರುತ್ತದೆ, 8.10 ಇರುತ್ತದೆ, ಒಂದು ಕಡೆ ಸಾಂಬಾರಿನ ಕಲೆ ಇರುತ್ತದೆ. ಒಮ್ಮೆಲೇ ತುಂಬಿದ್ದು ಅಂತ ಅನ್ನಿಸಿದರೆ ಕೇಳಿ, ಹೌದು ಅಂದರೆ ಟೈಮಿನ ಮುಂದೆ "ಸು." ಅಂತ ಹಾಕಿ. ಸುಮಾರು ಅಂತ. ಈ ಅಮ್ಮನ ಹಾಳೆಯಲ್ಲಿ ಹಾಗಿರಲಿಲ್ಲ, ಅದಕ್ಕೇ ಇದನ್ನೇ ಆರಿಸಿ ತಂದದ್ದು.

ಈಗ ಜಾಗ. ಇದರಲ್ಲೇ ಅಸಲಿ ವಿಷಯ ಇತ್ತು.

ಹೊಕ್ಕುಳದ ಮೇಲೆ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಎಳೆದಂತೆ ಅಂದುಕೊಳ್ಳಿ. ಹೊಟ್ಟೆ ನಾಲ್ಕು ಭಾಗ ಆಯಿತು. ಹೊಕ್ಕುಳದ ಸುತ್ತ ಎರಡು ಬೆರಳಗಲ ಬಿಡಿ. ತೊಡೆಯಲ್ಲಿ ಮುಂಭಾಗದ ಹೊರಮಗ್ಗುಲು, ಮೇಲಿನ ಅರ್ಧ. ಒಂದೊಂದಕ್ಕೂ ಒಂದು ಚುಟುಕು ಹೆಸರು ಕೊಟ್ಟುಕೊಂಡೆವು. ಹೊ-ಎಕೆ ಅಂದರೆ ಹೊಟ್ಟೆ, ಎಡ, ಕೆಳಗೆ. ಹೊ-ಬಮೇ ಅಂದರೆ ಹೊಟ್ಟೆ, ಬಲ, ಮೇಲೆ. ತೊ-ಎ, ತೊ-ಬ ತೊಡೆಗಳು.

ಎಡ ಅಂದರೆ ಯಾರ ಎಡ? ನಗಬೇಡಿ, ಇದರಲ್ಲಿ ಎಷ್ಟೋ ಚಾರ್ಟ್ ಹಾಳಾಗಿವೆ. ನಾವು ರೋಗಿಯ ಎದುರು ನಿಂತು ಚಿತ್ರ ಬರೆದರೆ ಅವರ ಎಡ ನಮ್ಮ ಹಾಳೆಯ ಬಲಕ್ಕೆ ಬರುತ್ತದೆ. ಸೊಸೆ ಎದುರು ನಿಂತು ಹಾಕುವಾಗ ತನ್ನ ಎಡ ಬರೆಯುತ್ತಾರೆ, ಅತ್ತೆ ತಾವೇ ಹಾಕಿಕೊಂಡಾಗ ತಮ್ಮ ಎಡ ಬರೆಯುತ್ತಾರೆ. ಎರಡೂ "ಎಡ"ವೇ, ಹೊಟ್ಟೆ ಮೇಲೆ ಮಾತ್ರ ಎದುರುಬದುರು. ಹಾಗಾಗಿ ಮೊದಲು ಇಬ್ಬರಿಗೂ "ಎಡಗಡೆ ತೋರಿಸಿ" ಅಂತ ಬೆರಳಿಡಿಸಿ ನೋಡಿದೆ. ಈ ಮನೆಯಲ್ಲಿ ಇಬ್ಬರೂ ಅತ್ತೆಯ ಎಡವನ್ನೇ ತೋರಿಸಿದರು, ಬಚಾವಾದೆವು. ಚಾರ್ಟಿನ ಚಿತ್ರದ ಕೆಳಗೆ "ಎಡ ಬಲ ಅಂದರೆ ರೋಗಿಯದು" ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ.

ಕಂಪ್ಯೂಟರಿನಲ್ಲಿ ಹಾಕುವವರು ಇದನ್ನೇ ಒಂದು ಶೀಟಿನಲ್ಲಿ ಹಾಕಬಹುದು. ಮೂರು ದಿನದ ತುಂಡು ಹೀಗಿರುತ್ತದೆ.

| ತಾರೀಖು | ಹೊತ್ತು | ಟೈಮ್ | ಯೂನಿಟ್ | ಜಾಗ | ಏನಾಯಿತು | ಯಾರು ಹೇಳಿದ್ದು |
|---|---|---|---|---|---|---|
| 5 | ಬೆಳಿಗ್ಗೆ | 7.15 | 22 | ಹೊ-ಎಕೆ | ಹಾಕಿದ್ದು | ಕ್ಯಾಲೆಂಡರ್ |
| 5 | ರಾತ್ರಿ | | 14 | ತೊ-ಬ | ಹಾಕಿದ್ದು | ಮಗ |
| 6 | ಬೆಳಿಗ್ಗೆ | 7.20 | 22 | ಹೊ-ಎಕೆ | ಹಾಕಿದ್ದು | ಕ್ಯಾಲೆಂಡರ್ |
| 6 | ರಾತ್ರಿ | 8.05 | 14 | ಹೊ-ಬಕೆ | ಹಾಕಿದ್ದು | ಕ್ಯಾಲೆಂಡರ್ |
| 7 | ಬೆಳಿಗ್ಗೆ | | | | ತಡೆದದ್ದು, ಶುಗರ್ 64 | ಅಮ್ಮ, ಮೀಟರ್ |
| 7 | ರಾತ್ರಿ | 8.10 | 14 | ಹೊ-ಎಕೆ | ಹಾಕಿದ್ದು | ಕ್ಯಾಲೆಂಡರ್ |

ಯಾವ ಜಾಗಕ್ಕೆ ಎಷ್ಟು ಸಲ ಬಿದ್ದಿದೆ ಅಂತ ಎಣಿಸಲು ಒಂದು ಸೂತ್ರ ಸಾಕು. ಜಾಗ ಇ ಕಾಲಂನಲ್ಲಿ, 28 ಸಾಲು ಎರಡರಿಂದ ಇಪ್ಪತ್ತೊಂಬತ್ತರವರೆಗೆ ಇದ್ದರೆ:

```
=COUNTIFS(E2:E29,"ಹೊ-ಎಕೆ",F2:F29,"ಹಾಕಿದ್ದು")
```

ಒಂದು ಕಡೆ "ಹೊ-ಎಕೆ", ಇನ್ನೊಂದು ಕಡೆ "ಹೊ ಎಕೆ" ಅಂತ ಟೈಪ್ ಮಾಡಿದರೆ ಅದು ಎರಡನ್ನೂ ಬೇರೆ ಅಂದುಕೊಂಡು ಕಡಿಮೆ ಎಣಿಸುತ್ತದೆ, ದೂರು ಕೂಡ ಹೇಳುವುದಿಲ್ಲ. ಹೆಸರುಗಳ ಪಟ್ಟಿ ಕೊಟ್ಟು ಅದರಿಂದಲೇ ಆರಿಸುವ ಹಾಗೆ ಮಾಡಿಡಿ. ನಾನು ಹೆಚ್ಚಾಗಿ ಹಾಳೆಯಲ್ಲೇ ಮಾಡುತ್ತೇನೆ. ಹೊಟ್ಟೆಯ ಚಿತ್ರದ ಮೇಲೆ ಒಂದೊಂದು ಡೋಸಿಗೂ ಒಂದು ಚುಕ್ಕಿ, ಬೆಳಿಗ್ಗೆಯದು ನೀಲಿ, ರಾತ್ರಿಯದು ಕಪ್ಪು. ರೋಗಿಗೆ ತೋರಿಸಲು ಅದೇ ವಾಸಿ.

ಚುಕ್ಕಿ ಇಡುತ್ತಾ ಹೋದೆ. ಹಾಕಿದ 24ರಲ್ಲಿ ನಾಲ್ಕಕ್ಕೆ ಬರೀ ಟಿಕ್ ಇತ್ತು, ಜಾಗ ಇರಲಿಲ್ಲ. ಅವನ್ನು ಚಿತ್ರದ ಹೊರಗೆ, ಮೂಲೆಯಲ್ಲಿ ಇಟ್ಟೆ. "ಅಲ್ಲೇ ಹಾಕಿರ್ತೀವಿ" ಅಂದರು, ಆದರೂ ಒಳಗೆ ಇಡಲಿಲ್ಲ. ಉಳಿದ ಇಪ್ಪತ್ತರಲ್ಲಿ ಎಡ ಕೆಳಗೆ 13, ಎಡ ಮೇಲೆ 2, ಬಲ ಕೆಳಗೆ 3, ಎರಡು ತೊಡೆಗೂ ಒಂದೊಂದು. ಬಲ ಮೇಲೆ ಒಂದೂ ಇಲ್ಲ. ಹೊಟ್ಟೆಯ ಎಡ ಕೆಳಭಾಗ ನೊಣ ಮುತ್ತಿದ ಬೆಲ್ಲದ ಥರ ಕಂಡಿತು.

ಆ ಅಮ್ಮ ಚಿತ್ರ ನೋಡಿ, "ಅಲ್ಲಿ ನೋವೇ ಆಗಲ್ಲ ಸಿಸ್ಟರ್, ಅದಕ್ಕೆ ಅಲ್ಲೇ" ಅಂದರು.

ನೋವಾಗದೇ ಇರುವುದೇ ಸುಳಿವು. ಒಂದೇ ಕಡೆ ತಿಂಗಳುಗಟ್ಟಲೆ ಚುಚ್ಚಿದರೆ ಚರ್ಮದ ಕೆಳಗಿನ ಕೊಬ್ಬು ಊದಿ ಗಂಟು ಕಟ್ಟುತ್ತದೆ. ಅಲ್ಲಿ ಚುಚ್ಚಿದ್ದು ಅಷ್ಟಾಗಿ ತಿಳಿಯುವುದಿಲ್ಲ. ಹಾಗಾಗಿ ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ, ಗಂಟು ಇನ್ನೂ ಬೆಳೆಯುತ್ತದೆ. ಒಂದೇ ಸೂಜಿಯನ್ನು ವಾರಗಟ್ಟಲೆ ಬಳಸಿದರೆ ಬೇಗ ಬೆಳೆಯುತ್ತದೆ. ಮಲಗಿಸಿ, ಕೈಗೆ ಸ್ವಲ್ಪ ಸೋಪಿನ ನೀರು ಹಚ್ಚಿಕೊಂಡು ಬೆರಳ ತುದಿಯಿಂದ ಮೆಲ್ಲಗೆ ಜಾರಿಸಿದೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಹೊಕ್ಕುಳದಿಂದ ಮೂರು ಬೆರಳು ಎಡಕ್ಕೆ, ಸ್ವಲ್ಪ ಕೆಳಗೆ, ಬೆರಳು ತಡೆಯಿತು. ದೊಡ್ಡ ಅಡಿಕೆಯಷ್ಟು, ರಬ್ಬರಿನ ಹಾಗೆ. ಬಲಗಡೆ ಅದೇ ಜಾಗದಲ್ಲಿ ಮೆತ್ತಗಿತ್ತು. ಅವರ ಬೆರಳನ್ನೂ ಹಿಡಿದು ಎರಡೂ ಕಡೆ ಮುಟ್ಟಿಸಿದೆ. "ಅಯ್ಯೋ, ಇದೇನಿದು!" ಅಂದರು.

ಗಂಟಿನೊಳಗೆ ಹೋದ ಇನ್ಸುಲಿನ್ ರಕ್ತಕ್ಕೆ ಸೇರುವುದು ನಿಧಾನ, ಒಂದು ದಿನ ಒಂದು ಥರ. ಈಗ ಮೀಟರಿನ ಓದುಗಳನ್ನು ಚಾರ್ಟಿನ ಪಕ್ಕ ಇಟ್ಟೆ. ಮೊದಲು ಮೀಟರಿನ ಗಡಿಯಾರ ಸರಿ ಇದೆಯಾ ನೋಡಿಕೊಂಡೆ. ಬ್ಯಾಟರಿ ಬದಲಾಯಿಸಿದ ಮೇಲೆ ಎಷ್ಟೋ ಮೀಟರಿನಲ್ಲಿ ಬೆಳಿಗ್ಗೆ ರಾತ್ರಿ ಅದಲುಬದಲಾಗಿರುತ್ತದೆ. ಬೆಳಗಿನ ಖಾಲಿ ಹೊಟ್ಟೆಯ ಓದು ನಾಲ್ಕೇ ದಿನ ಇತ್ತು. ನಾಲ್ಕನೇ ತಾರೀಖು 186. ಏಳಕ್ಕೆ 64. ಹತ್ತಕ್ಕೆ 172. ಹದಿಮೂರಕ್ಕೆ 78. ಬರೀ ಈ ನಾಲ್ಕು ನಂಬರ್ ನೋಡಿದರೆ ತಲೆಬುಡ ಇಲ್ಲ. ಊಟದ ಮೇಲೆ ತಪ್ಪು ಹೊರಿಸಿ ಕಳಿಸಿಬಿಡುತ್ತೇವೆ.

ಪ್ರತಿಯೊಂದರ ಹಿಂದಿನ ರಾತ್ರಿಯ ಚುಕ್ಕಿ ಎಲ್ಲಿದೆ ನೋಡಿ. ಮೂರರ ರಾತ್ರಿ, ಎಡ ಕೆಳಗೆ. ಆರರ ರಾತ್ರಿ, ಮಗ ಹಾಕಿದ್ದು, ಬಲ ಕೆಳಗೆ. ಒಂಬತ್ತರ ರಾತ್ರಿ, ಎಡ ಕೆಳಗೆ. ಹನ್ನೆರಡರ ರಾತ್ರಿ, ಬಲ ಕೆಳಗೆ. ಗಂಟಿಗೆ ಹಾಕಿದ ಮಾರನೇ ದಿನ ಜಾಸ್ತಿ, ಮೆತ್ತಗಿನ ಜಾಗಕ್ಕೆ ಹಾಕಿದ ಮಾರನೇ ದಿನ ಕಡಿಮೆ. ಅದೇ 14 ಯೂನಿಟ್!

ನಾಲ್ಕು ಓದಿನಿಂದ ಏನನ್ನೂ ಗಟ್ಟಿಯಾಗಿ ಹೇಳಲು ಆಗುವುದಿಲ್ಲ. ಆರರ ರಾತ್ರಿ ಮಗ ಅಡುಗೆ ಮಾಡಿದ್ದ, ಅಮ್ಮ ಸರಿಯಾಗಿ ಊಟ ಮಾಡಿರಲಿಕ್ಕಿಲ್ಲ, ಅದೂ ಇರಬಹುದು. ಡಾಕ್ಟರಿಗೆ ಕೊಟ್ಟ ಚಾರ್ಟಿನಲ್ಲಿ ನಾನು ಕಾರಣ ಅಂತ ಬರೆಯಲಿಲ್ಲ. ನಾಲ್ಕು ಓದಿನಿಂದ ನಾಲ್ಕು ಚುಕ್ಕಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದೆ, "ಎಡ ಕೆಳಗೆ ಗಂಟು ಇದೆ" ಅಂತ ಬರೆದೆ. ಅವರಿಗೆ ಅಷ್ಟು ಸಾಕಾಯಿತು.

ಈಗ ಒಂದು ಅಪಾಯದ ಮಾತು, ಇದನ್ನು ಯಾರೂ ಮರೆಯಬೇಡಿ. ಗಂಟು ಸಿಕ್ಕಿತು ಅಂತ ಅವತ್ತೇ "ನಾಳೆಯಿಂದ ಬಲಗಡೆ ಹಾಕಿ" ಅಂತ ಹೇಳಿ ಕಳಿಸಬಾರದು. 22 ಮತ್ತು 14 ಅನ್ನೋದು ಗಂಟು ಅರ್ಧ ತಿಂದುಹಾಕುತ್ತಿದ್ದಾಗ ಏರಿಸಿಕೊಂಡು ಬಂದ ಡೋಸ್. ಅದೇ ಡೋಸ್ ಒಳ್ಳೆಯ ಜಾಗಕ್ಕೆ ಹೋದರೆ ಪೂರ್ತಿ ಕೆಲಸ ಮಾಡುತ್ತದೆ, ಮತ್ತೆ 64, ಅಥವಾ ಅದಕ್ಕಿಂತ ಕಡಿಮೆ. ಜಾಗ ಬದಲಿಸುವ ದಿನವೇ ಡಾಕ್ಟರ್ ಡೋಸ್ ನೋಡಬೇಕು, ಮೊದಲ ಕೆಲವು ದಿನ ಶುಗರ್ ಜಾಸ್ತಿ ಸಲ ನೋಡಬೇಕು. ಎಷ್ಟು ಇಳಿಸಬೇಕು ಅನ್ನೋದು ಅವರವರ ದೇಹಕ್ಕೆ ಬೇರೆ, ಅದು ಡಾಕ್ಟರ್ ಕೆಲಸ, ನನ್ನದೂ ಅಲ್ಲ, ನಿಮ್ಮದೂ ಅಲ್ಲ. ಇವರಿಗೆ ಅವತ್ತೇ ಇಳಿಸಿ ಬರೆದುಕೊಟ್ಟರು.

ಆಮೇಲೆ ಮುಂದಿನ ವಾರಗಳ ಚಾರ್ಟ್. ಹಿಂದಿನದು ಪೆನ್ನಿನಲ್ಲಿ, ಮುಂದಿನದು ಪೆನ್ಸಿಲ್ಲಿನಲ್ಲಿ. ಬೆಳಿಗ್ಗೆ ಹೊಟ್ಟೆ, ರಾತ್ರಿ ತೊಡೆ ಅಂತ ಗೊತ್ತು ಮಾಡಿದೆವು. ಈ ಇನ್ಸುಲಿನ್ ಹೊಟ್ಟೆಯಿಂದ ಬೇಗ ಏರುತ್ತದೆ, ತೊಡೆಯಿಂದ ನಿಧಾನ. ರಾತ್ರಿ ಶುಗರ್ ಇಳಿಯುವ ಭಯ ಇರುವವರಿಗೆ ತೊಡೆ ವಾಸಿ. ಬೆಳಿಗ್ಗೆ ಒಂದು ದಿನ ಹೊಟ್ಟೆ, ಒಂದು ದಿನ ತೊಡೆ ಅಂತ ಕಲಸಿದರೆ ಮತ್ತೆ ಗೊಂದಲ. ಮೊದಲ ವಾರ ಬೆಳಿಗ್ಗೆ ಬಲ ಮೇಲೆ, ಎರಡನೇ ವಾರ ಬಲ ಕೆಳಗೆ, ಮೂರನೇ ವಾರ ಎಡ ಮೇಲೆ, ಮತ್ತೆ ಮೊದಲಿಗೆ. ರಾತ್ರಿ ಒಂದು ವಾರ ಬಲತೊಡೆ, ಒಂದು ವಾರ ಎಡತೊಡೆ. ಒಂದು ಭಾಗದೊಳಗೆ ಏಳು ದಿನಕ್ಕೆ ಏಳು ಚುಕ್ಕಿ, ಒಂದರಿಂದ ಒಂದಕ್ಕೆ ಒಂದು ಬೆರಳಗಲ. ಎಡ ಕೆಳಭಾಗಕ್ಕೆ ಚಿತ್ರದಲ್ಲಿ ಅಡ್ಡಡ್ಡ ಗೆರೆ ಹೊಡೆದುಬಿಟ್ಟೆ. ಸೊಸೆ ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ದಾರ ಕಟ್ಟಿ ಪೆನ್ನು ನೇತುಹಾಕಿದ್ದಾರೆ. ಬಾಟ್ಲಿ ತೆಗೆಯುವಾಗ ಕಣ್ಣೆದುರೇ ಇರುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, "ಒಂದು ಡೋಸ್ ಮರೆತಿದ್ದು ಆಮೇಲೆ ನೆನಪಾದ್ರೆ ಚಾರ್ಟಲ್ಲಿ ಮುಂದಿನದಕ್ಕೆ ಸೇರಿಸಿ ಬರೀಬೋದಾ?" ಸೇರಿಸಿ ಬರೆಯುವುದೂ ಬೇಡ, ಸೇರಿಸಿ ಹಾಕುವುದಂತೂ ಬೇಡವೇ ಬೇಡ. ರಾತ್ರಿ 14 ಬಿಟ್ಟಿತು ಅಂತ ಬೆಳಿಗ್ಗೆ 36 ಹಾಕಿದರೆ ಹನ್ನೊಂದು ಗಂಟೆಗೆ ಮನೆಯವರು ಓಡಾಡಬೇಕಾಗುತ್ತದೆ. ಬಿಟ್ಟದ್ದು ಅದರ ಸಾಲಿನಲ್ಲಿ "ತಪ್ಪಿದ್ದು" ಅಂತಲೇ ಇರಲಿ, ಏನು ಮಾಡಬೇಕು ಅಂತ ಫೋನ್ ಮಾಡಿ ಕೇಳಲಿ.

ಇನ್ನೊಬ್ಬರು ಆಶಾ ಅಕ್ಕ ಕೇಳಿದ್ದು, ಗೆರೆ ಹೊಡೆದ ಆ ಎಡ ಕೆಳಭಾಗಕ್ಕೆ ಮತ್ತೆ ಯಾವಾಗ ಹಾಕಬಹುದು ಅಂತ. ಅದು ಕ್ಯಾಲೆಂಡರ್ ನೋಡಿ ಹೇಳುವುದಲ್ಲ, ಬೆರಳಿನಿಂದ ಹೇಳುವುದು. ತಿಂಗಳುಗಳು ಹಿಡಿಯುತ್ತವೆ. ಆ ಅಮ್ಮ ಪ್ರತಿ ಸಲ ಬಂದಾಗ ಸೆರಗು ಸರಿಸಿ ಮಲಗುತ್ತಾರೆ, ನಾನು ಸೋಪಿನ ಕೈಯಲ್ಲಿ ಮುಟ್ಟಿ ನೋಡುತ್ತೇನೆ. ಹೋದ ಸಲ ಅಡಿಕೆಯಷ್ಟಿದ್ದದ್ದು ಕಡಲೆಕಾಳಿನಷ್ಟಾಗಿತ್ತು. ಚಾರ್ಟಿನ ಗೆರೆ ಇನ್ನೂ ಅಳಿಸಿಲ್ಲ.